ಕಾಜಲಳ ಐತವಾರ

ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಭಾನುವಾರ ಬೆಳಿಗ್ಗೆ ನಿರ್ಣಾದ ಅಂಗಡಿಕಾರ ಗುರುನಾಥ ಕುಳಿತಿದ್ದ. ಪಕ್ಕದಲ್ಲಿ ಒಬ್ಬ ಹೆಂಗಸು ಬುತ್ತಿ, ಪುಸ್ತಕ ಹಿಡಿದು ಸೊಸೆಗಾಗಿ ಕಾಯುತ್ತಿದ್ದಳು. ಔಷಧಿ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿದ ಸೊಸೆ ನಗುತ್ತಲೇ ಬಂದಳು.

“ಅತ್ತಿ, ನನಗ ಸೂಪರ್‌ವೈಸರ್ ಮಾಡ್ತೀವಿ ಅಂದ್ರು. ಐತವಾರನೂ ಬರಬೇಕಂತ. ನಾ ಒಲ್ಲೆ ಅಂದೆ.”

ಬುತ್ತಿ ಜಾರಿತು. ಗುರುನಾಥ ಹಿಡಿದುಕೊಟ್ಟ.

“ಕಾಜಲ, ನಿನ್ನ ಗಂಡ ಕಾಲು ಮುರಕೊಂಡು ಕುಂತಾನ. ಮನಿ ನಿನ್ನ ಪಗಾರದ ಮ್ಯಾಲೇ ನಡಿಯಾಕತ್ತದ.”

“ಪೂರಾ ಕೇಳ್ರಿ. ಶನಿವಾರ ರಾತ್ರಿ ಪಾಳಿ ಯಾರಿಗೂ ಬ್ಯಾಡ. ಅದನ್ನ ನಾ ಮಾಡ್ತೀನಿ, ಐತವಾರ ಪಂಚಾಯ್ತಿ ಪಿಡಿಒ ಪರೀಕ್ಷಾದ ಕ್ಲಾಸಿಗಿ ಬಿಡ್ರಿ ಅಂದೆ. ಒಪ್ಪಿ ಬರದುಕೊಟ್ರು. ಪಗಾರನೂ ಹೆಚ್ಚಾತು.”

“ಹಾಂಗಂದ್ರ ನಿನ್ನ ಮೈದುನ ಬೈಕ್ ಕೇಳ್ತಾನ ನೋಡು.”

“ಕ್ಲಾಸಿನ ಫೀ ಮೊದಲ ತೆಗದಿಡ್ತೀನ್ರಿ. ಆಮ್ಯಾಲ ಮನಿ ಖರ್ಚಿಂದು ನಿಮ್ಮ ಕೈಯಾಗ. ಬೈಕಿಗಿ ಇಲ್ಲ.”

“ನಾ ಹೇಳ್ತೀನಿ ಅವಂಗ. ನೆಂಟರಿಗಿ ನಿನಗ ಐತವಾರ ಡ್ಯೂಟಿ ಅದ ಅಂತ ಹೇಳಾಕತ್ತು ಆರು ತಿಂಗಳಾತು, ನೀ ಕ್ಲಾಸಿಗಿ ಹೋಗೋದು ಯಾರಿಗೂ ಗೊತ್ತಾಗಿಲ್ಲ.”

ಅತ್ತೆ ಸೆರಗು ಬಾಯಿಗಿಟ್ಟು ನಕ್ಕಳು. ಸೊಸೆಯೂ ನಕ್ಕಳು.

“ಬುತ್ತಿ ಯಾರು ಮಾಡ್ಯಾರ್ರಿ?”

“ನಿನ್ನ ಗಂಡ. ಮೊದಲನೇ ರೊಟ್ಟಿ ನಾಯಿನೂ ಮೂಸಲಿಲ್ಲ. ಇವು ತಿನ್ನಂಗ ಅವ.”

ಬಸವಕಲ್ಯಾಣದ ಬಸ್ಸು ಬಂತು. ಕಾಜಲ ಬುತ್ತಿ, ಪುಸ್ತಕ ತೆಗೆದುಕೊಂಡು ಓಡಿ ಹತ್ತಿದಳು. ಅತ್ತೆ ಕಿಟಕಿಯ ಜೊತೆ ನಾಲ್ಕು ಹೆಜ್ಜೆ ನಡೆದಳು.

“ಸೀಟ್ ಸಿಕ್ತೇನ? ಮೊದಲ ಊಟ ಮಾಡು, ಆಮ್ಯಾಲ ನಿದ್ದಿ ಮಾಡು. ಕಂಡಕ್ಟರ್ ಸಾಹೇಬ್ರ, ಕಲ್ಯಾಣ ಬಂದಾಗ ನಮ್ಮ ಪಿಡಿಒಗ ಎಬ್ಬಸ್ರಿ.”